ನಿಮ್ಮ ಪರಿಚಯವನ್ನು ಯಾರ ಕೈಲಿ ತಿದ್ದಿಸುತ್ತೀರಿ? ಸಾಫ್ಟ್‌ವೇರ್, ಮೇಷ್ಟ್ರು, ಮನೆಯವರು, ಬಂದು ಹೋದ ಅತಿಥಿ

ಕೊಡಗಿನ ಹೋಂಸ್ಟೇಗಳವರು ತಮ್ಮ ಬಗ್ಗೆ ಬರೆದುಕೊಂಡ ಪರಿಚಯಗಳನ್ನು ಒಮ್ಮೆ ಸಾಲಾಗಿ ಓದಿ ನೋಡಿ. ಮಡಿಕೇರಿ ಕಡೆಯದ್ದಾಗಲಿ, ವಿರಾಜಪೇಟೆ ಕಡೆಯದ್ದಾಗಲಿ, ಸೋಮವಾರಪೇಟೆ ಕಡೆಯದ್ದಾಗಲಿ, ಹೆಚ್ಚಿನವು ಒಂದೇ ಥರ ಶುರುವಾಗುತ್ತವೆ. ಪ್ರಕೃತಿಯ ಮಡಿಲು, ಮಂಜು ಮುಸುಕಿದ ಬೆಟ್ಟ, ಕಾಫಿಯ ಘಮ, ಭಾರತದ ಸ್ಕಾಟ್ಲೆಂಡ್. ಮನೆಯ ಹೆಸರನ್ನು ಕೈಯಲ್ಲಿ ಮುಚ್ಚಿದರೆ ಅದು ಯಾರ ಮನೆ ಅಂತ ಹೇಳಲು ಆಗುವುದಿಲ್ಲ.

ಇವರಿಗೆಲ್ಲ ಬರೆಯಲು ಬರುವುದಿಲ್ಲ ಅಂತಲ್ಲ. ಮೊದಲ ಕರಡು ಬಹಳ ಸಲ ಚೆನ್ನಾಗಿಯೇ ಇರುತ್ತದೆ. ಕೆಡುವುದು ತಿದ್ದುವಾಗ. ಹಾಗಂತ ತಿದ್ದಿಸದೆ ಹಾಕಿ ಅಂತಲೂ ಹೇಳುವುದಿಲ್ಲ. ಬರೆದವರಿಗೆ ತಮ್ಮ ತಪ್ಪು ಕಾಣುವುದಿಲ್ಲ, ಇನ್ನೊಬ್ಬರ ಕಣ್ಣು ಬೇಕು. ಆದರೆ ಯಾರ ಕಣ್ಣು ಯಾವುದಕ್ಕೆ ಅನ್ನುವುದು ಗೊತ್ತಿರಬೇಕು. ಒಬ್ಬೊಬ್ಬರು ಒಂದೊಂದು ಥರ ಸಹಾಯ ಮಾಡುತ್ತಾರೆ, ಒಂದೊಂದು ಥರ ಹಾಳು ಮಾಡುತ್ತಾರೆ.

ಒಂದೇ ಕರಡನ್ನು ಇಟ್ಟುಕೊಂಡು ನೋಡೋಣ. ಭಾಗಮಂಡಲ ರಸ್ತೆಯಲ್ಲಿ, ಚೇರಂಬಾಣೆ ಹತ್ತಿರ, ನನಗೆ ಅತ್ತೆ ಆಗಬೇಕಾದವರು ಎರಡು ಕೋಣೆಯ ಹೋಂಸ್ಟೇ ನಡೆಸುತ್ತಾರೆ. ಅವರು ನೋಟ್‌ಬುಕ್ಕಿನಲ್ಲಿ ಬರೆದದ್ದು ಇದು:

"ನಾನು ಮೂವತ್ತು ವರ್ಷದಿಂದ ಈ ಮನೆಯಲ್ಲಿ ಇದ್ದೇನೆ. ಮದುವೆಯಾಗಿ ಬಂದಾಗ ಸರಿಯಾದ ರಸ್ತೆ ಇರಲಿಲ್ಲ, ಜೀಪಿನಲ್ಲಿ ಬಂದದ್ದು. ಈಗ ಕಾರು ಅಂಗಳದವರೆಗೆ ಬರುತ್ತದೆ, ಮಳೆಗಾಲ ಬಿಟ್ಟು. ಎರಡು ಕೋಣೆ ಕೊಡುತ್ತೇವೆ. ಅಡುಗೆ ನಾನೇ ಮಾಡುವುದು. ಮೆನು ಇಲ್ಲ, ಆವತ್ತು ಮನೆಗೆ ಏನು ಮಾಡಿದ್ದೇವೋ ಅದೇ. ಯಜಮಾನರಿಗೆ ಮಾತು ಕಮ್ಮಿ, ತೋಟ ತೋರಿಸಿ ಅಂತ ಹೇಳಿದರೆ ಮಾತ್ರ ನಿಲ್ಲಿಸುವುದಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಕರೆಂಟ್ ನಂಬುವ ಹಾಗಿಲ್ಲ. ಜಿಗಣೆ ಇದೆ. ಮನೆಯಲ್ಲಿ ಅರೆಭಾಷೆ ಮಾತಾಡುತ್ತೇವೆ, ನಿಮ್ಮ ಜೊತೆ ಕನ್ನಡ."

ನನಗೆ ಇದು ಓದಿದ ಕೂಡಲೇ ಇಷ್ಟವಾಯಿತು. ಆದರೂ ಇದರಲ್ಲಿ ತಿದ್ದಬೇಕಾದದ್ದು ಎರಡು ಮೂರು ಇದೆ. ಅವನ್ನು ಯಾರು ಹಿಡಿದರು, ಯಾರು ಹಿಡಿಯಲಿಲ್ಲ ಅನ್ನುವುದೇ ಮುಂದಿನ ವಿಷಯ.

ಬರೆದುಕೊಡುವ ಸಾಫ್ಟ್‌ವೇರ್

ಎಐ ಸಾಫ್ಟ್‌ವೇರಿಗೆ ಕರಡನ್ನು ಹಾಕಿ "ಚೆನ್ನಾಗಿ ಮಾಡು" ಅಂತ ಬಿಟ್ಟರೆ ಹೀಗೆ ಬರುತ್ತದೆ:

"ಪ್ರಕೃತಿಯ ಮಡಿಲಲ್ಲಿ ನೆಲೆಸಿರುವ ನಮ್ಮ ಹೋಂಸ್ಟೇಗೆ ಹೃತ್ಪೂರ್ವಕ ಸ್ವಾಗತ. ಮೂರು ದಶಕಗಳ ಅನುಭವದೊಂದಿಗೆ, ಅತಿಥಿಗಳಿಗೆ ಅಪ್ಪಟ ಕೊಡವ ಆತಿಥ್ಯ ಮತ್ತು ಮನೆಯ ರುಚಿಕರ ಊಟವನ್ನು ಒದಗಿಸಲು ನಾವು ಬದ್ಧರಾಗಿದ್ದೇವೆ. ಕಾಫಿ ತೋಟದ ಮಾರ್ಗದರ್ಶಿತ ನಡಿಗೆಯೊಂದಿಗೆ ನಿಮ್ಮ ವಾಸ್ತವ್ಯವನ್ನು ಅವಿಸ್ಮರಣೀಯವಾಗಿಸಿಕೊಳ್ಳಿ."

ಒಂದೂ ಕಾಗುಣಿತ ತಪ್ಪಿಲ್ಲ. ಮೇಲ್ನೋಟಕ್ಕೆ ಎಷ್ಟು ನೀಟಾಗಿದೆ, ಅಲ್ವಾ? ಸ್ವಲ್ಪ ನಿಧಾನವಾಗಿ ಓದಿ. ಎರಡು ಕಡೆ ಸುಳ್ಳು ಸೇರಿದೆ.

ಮೊದಲನೆಯದು, ಮೂರು ದಶಕಗಳ ಅನುಭವ. ಅತ್ತೆ ಮೂವತ್ತು ವರ್ಷದಿಂದ ಆ ಮನೆಯಲ್ಲಿ ಇದ್ದಾರೆ. ಹೋಂಸ್ಟೇ ಶುರು ಮಾಡಿದ್ದು ಮಕ್ಕಳು ಓದಲು ಹೊರಗೆ ಹೋಗಿ ಕೋಣೆ ಖಾಲಿ ಬಿದ್ದ ಮೇಲೆ. ಸಾಫ್ಟ್‌ವೇರ್ ವಾಸವನ್ನು ಅನುಭವ ಮಾಡಿಬಿಟ್ಟಿದೆ. ಹೀಗಾಗಲು ಕಾರಣ ಇದೆ. ಈ ಸಾಫ್ಟ್‌ವೇರ್‌ಗಳು ಒಂದು ಪದದ ನಂತರ ಸಾಮಾನ್ಯವಾಗಿ ಯಾವ ಪದ ಬರುತ್ತದೆ ಅನ್ನುವುದನ್ನು ಅಪಾರ ಬರಹದಿಂದ ಕಲಿತಿರುತ್ತವೆ. ವ್ಯಾಪಾರದ ಪರಿಚಯದಲ್ಲಿ ವರ್ಷದ ಲೆಕ್ಕ ಬಂದರೆ ಅದರ ಪಕ್ಕ "ಅನುಭವ" ಬರುವುದೇ ಜಾಸ್ತಿ. ಹಾಗಾಗಿ ನಿಮ್ಮ ಮಾತು ಆ ಕಡೆಗೆ ಜಾರುತ್ತದೆ.

ಎರಡನೆಯದು ಕೊಡಗಿನವರಿಗೆ ಕೂಡಲೇ ಕಣ್ಣಿಗೆ ಬೀಳುತ್ತದೆ. ಅತ್ತೆಯದ್ದು ಅರೆಭಾಷೆ ಮಾತಾಡುವ ಗೌಡರ ಮನೆ, ಕೊಡವರದ್ದಲ್ಲ. ಕರಡಿನ ಕೊನೆಯ ಸಾಲಿನಲ್ಲೇ ಅದಿದೆ. ಆದರೂ "ಕೊಡವ ಆತಿಥ್ಯ" ಬಂದು ಕೂತಿದೆ, ಯಾಕೆಂದರೆ ಕೊಡಗಿನ ಪ್ರವಾಸದ ಬಗ್ಗೆ ಇರುವ ಬರಹದಲ್ಲಿ ಅದೇ ತುಂಬಿದೆ. ಕೊಡಗಿನಲ್ಲಿ ಇರುವವರೆಲ್ಲ ಕೊಡವರಲ್ಲ. ಅರೆಭಾಷೆಯವರಿದ್ದಾರೆ, ಮಲಯಾಳ ಮಾತಾಡುವವರಿದ್ದಾರೆ, ಯರವರು, ಕುರುಬರು ಇದ್ದಾರೆ. ಈ ಸಾಲು ಹಾಗೇ ಹೋಗಿದ್ದರೆ ಊರಲ್ಲಿ ಮುಖ ಎತ್ತುವ ಹಾಗಿರಲಿಲ್ಲ. ಬಂದ ಅತಿಥಿಗಳೂ ಕೊಡವರ ಅಡುಗೆಯ ಪಂದಿ ಕರಿ, ಕಡಂಬುಟ್ಟು ಎಲ್ಲಿ ಅಂತ ಕೇಳುತ್ತಿದ್ದರು.

ಇನ್ನು ವಾಕ್ಯದ ನಡೆ. "ಒದಗಿಸಲು ಬದ್ಧರಾಗಿದ್ದೇವೆ" ಅಂತ ಯಾವ ಮನೆಯಲ್ಲಿ ಯಾರು ಮಾತಾಡುತ್ತಾರೆ? ಅಂತರ್ಜಾಲದಲ್ಲಿ ಕನ್ನಡ ಬರಹವೇ ಕಮ್ಮಿ. ಇರುವುದರಲ್ಲೂ ಜಾಹೀರಾತು, ಸೂಚನೆ ಅಂತ ಇಂಗ್ಲಿಷಿನಿಂದ ಬಂದದ್ದು ಬೇಕಾದಷ್ಟಿದೆ. ಸಾಫ್ಟ್‌ವೇರ್ ಅದೇ ಜಾಡು ಹಿಡಿಯುತ್ತದೆ.

ಇಷ್ಟೆಲ್ಲದರ ನಡುವೆ ಏನು ಬಿದ್ದುಹೋಯಿತು ನೋಡಿ. ಜೀಪು ಹೋಯಿತು. ಮೆನು ಇಲ್ಲ ಅನ್ನುವುದು ಹೋಯಿತು. ಮಾವನ ಮಾತು ಹೋಯಿತು. ಜಿಗಣೆ, ಕರೆಂಟ್ ಎರಡೂ ಹೋದವು. ಅಂದರೆ ಅತಿಥಿಗೆ ನಿಜವಾಗಿ ಬೇಕಾದ ಸುದ್ದಿಯೆಲ್ಲ ಹೋಗಿ ಗುಣವಾಚಕ ಉಳಿಯಿತು.

ಹಾಗಾದರೆ ಈ ಸಾಫ್ಟ್‌ವೇರ್ ಬೇಡವೇ? ಬೇಕು, ಆದರೆ ಪೆನ್ನು ಅದರ ಕೈಗೆ ಕೊಡಬೇಡಿ. ಇಡೀ ಪ್ಯಾರಾ ತಿರುಗಿ ಬರೆಸುವ ಬದಲು, ಎಲ್ಲಿ ಅರ್ಥ ಎರಡಾಗುತ್ತದೆ, ಎಲ್ಲಿ ಓದುವವರಿಗೆ ಮಾಹಿತಿ ಸಾಲದು ಅನ್ನುವ ಪಟ್ಟಿ ಮಾತ್ರ ಪಡೆಯಿರಿ. ಹೊಸ ವಾಕ್ಯ ಬೇಡ, ಪದ ಬದಲಿಸುವುದು ಬೇಡ ಅಂತ ಸೂಚನೆಯಲ್ಲೇ ಬರೆಯಿರಿ. ಆಗ ಅದರಿಂದ ಉಪಯೋಗ ಇದೆ. ಫೋನ್ ನಂಬರ್, ಮನೆಯ ವಿಳಾಸ ಇದ್ದರೆ ಮೊದಲು ತೆಗೆದು ಆಮೇಲೆ ಹಾಕಿ.

ಕಾಗುಣಿತ ನೋಡುವ ಸಾಫ್ಟ್‌ವೇರ್

ಇದು ಬೇರೆ ಜಾತಿ. ಇದು ನಿಮ್ಮ ದನಿಯನ್ನು ಮುಟ್ಟುವುದಿಲ್ಲ, ಆದರೆ ಕನ್ನಡದಲ್ಲಿ ಇದನ್ನು ಪೂರ್ತಿ ನಂಬುವ ಹಾಗೂ ಇಲ್ಲ. ಕನ್ನಡದ ಪದಕ್ಕೆ ಬಾಲದ ಮೇಲೆ ಬಾಲ ಸೇರುತ್ತದೆ. "ಮಾಡಿದ್ದೇವೋ", "ಅಂಗಳದವರೆಗೆ" ಇಂಥವೆಲ್ಲ ಪದಪಟ್ಟಿಯಲ್ಲಿ ಇಲ್ಲದಿದ್ದರೆ ಸರಿ ಇದ್ದರೂ ಕೆಂಪು ಗೆರೆ ಬೀಳುತ್ತದೆ. ಐನ್‌ಮನೆ, ಕಾಚಂಪುಳಿ ಥರದ ಊರಿನ ಪದಗಳಿಗಂತೂ ಬಿದ್ದೇ ಬೀಳುತ್ತದೆ ಅಂದುಕೊಳ್ಳಿ. ಗೆರೆ ಕಂಡ ಕೂಡಲೇ ಹೆದರಿ ಬೇರೆ ಪದ ಹುಡುಕಬೇಡಿ.

ಇದರ ಉಲ್ಟಾ ಅಪಾಯವೂ ಇದೆ. "ಬೆಳಿಗ್ಗೆ ಹಾಳು ಕಾಯಿಸಿ ಕೊಡುತ್ತೇವೆ" ಅಂತ ಬರೆದರೆ ಗೆರೆ ಬೀಳುವುದಿಲ್ಲ. ಹಾಳು ಅನ್ನುವುದೂ ಸರಿಯಾದ ಪದವೇ! ಇಂಥದ್ದನ್ನು ಮನುಷ್ಯರೇ ಹಿಡಿಯಬೇಕು.

ಕನ್ನಡ ಚೆನ್ನಾಗಿ ಬಲ್ಲ ಗೆಳೆಯರು

ನಮ್ಮ ಕಡೆ ಏನೇ ಬರೆದರೂ ಮೊದಲು ಹೋಗುವುದು ಶಾಲೆಯ ಮೇಷ್ಟ್ರ ಹತ್ತಿರ. ಅತ್ತೆಯೂ ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ತೋರಿಸಿದರು. ಅವರು ಕೆಂಪು ಪೆನ್ನಿನಲ್ಲಿ "ಜೀಪಿನಲ್ಲಿ ಬಂದದ್ದು" ಹೊಡೆದು "ಜೀಪಿನ ಮೂಲಕ ಆಗಮಿಸಿದೆನು" ಮಾಡಿದರು. "ಅಡುಗೆ ನಾನೇ ಮಾಡುವುದು" ಹೋಗಿ "ಅಡುಗೆಯನ್ನು ನಾನೇ ಸಿದ್ಧಪಡಿಸುತ್ತೇನೆ" ಆಯಿತು. "ಮಾತು ಕಮ್ಮಿ" ಹೋಗಿ "ಮಿತಭಾಷಿಗಳು" ಬಂತು.

ಇವು ತಪ್ಪಲ್ಲ. ಆದರೆ ಮೊದಲಿದ್ದದ್ದೂ ತಪ್ಪಲ್ಲ. "ನಾನೇ ಮಾಡುವುದು", "ಜೀಪಿನಲ್ಲಿ ಬಂದದ್ದು" ಅಂತ ಮಾತು ಮುಗಿಸುವುದು ನಮ್ಮ ಕಡೆಯ ರೀತಿ. ಮೈಸೂರಿನವರು ಓದಿದರೂ ಅರ್ಥವಾಗುತ್ತದೆ, ಜೊತೆಗೆ ಇವರು ಕೊಡಗಿನವರು ಅಂತ ಗೊತ್ತಾಗುತ್ತದೆ. ಪರಿಚಯ ಬರೆಯುವುದೇ ಅದಕ್ಕೆ ಅಲ್ವಾ?

ಆದರೆ ಮೇಷ್ಟ್ರು ಒಂದು ನಿಜವಾದ ತಪ್ಪನ್ನೂ ಹಿಡಿದರು. "ಎರಡು ಕೋಣೆ ಕೊಡುತ್ತೇವೆ" ಅಂದರೆ ಬಂದವರಿಗೆಲ್ಲ ಎರಡೆರಡು ಕೋಣೆ ಅಂತ ಓದಬಹುದು. ಎಐ ಇದನ್ನು ಗಮನಿಸಲೇ ಇಲ್ಲ, ಸುಮ್ನೆ ಬಿಟ್ಟುಬಿಟ್ಟಿತ್ತು. ಮೇಷ್ಟ್ರು ಬರೆದುಕೊಟ್ಟದ್ದು "ಎರಡು ಕೊಠಡಿಗಳು ಲಭ್ಯವಿವೆ". ಅತ್ತೆ ಬರೆದದ್ದು "ಎರಡು ಕೋಣೆ ಇದೆ". ತಕರಾರು ಅವರದ್ದು, ಪರಿಹಾರ ಇವರದ್ದು.

ಯಾರಿಂದ ತಿದ್ದಿಸಿದರೂ ಈ ಪದ್ಧತಿ ಒಳ್ಳೆಯದು. ಬಂದ ಸಲಹೆಯನ್ನು ಮೂರರಲ್ಲಿ ಒಂದಕ್ಕೆ ಹಾಕಿ. ಕಾಗುಣಿತದ ತಪ್ಪಾದರೆ ಹಾಗೇ ಒಪ್ಪಿ. ಅರ್ಥ ಆಗುವುದಿಲ್ಲ ಅನ್ನುವ ತಕರಾರಾದರೆ ತಕರಾರನ್ನು ಒಪ್ಪಿ, ವಾಕ್ಯವನ್ನು ನೀವೇ ಬರೆಯಿರಿ. ಬರೀ ರುಚಿಯ ವಿಷಯವಾದರೆ, ಅಂಗಳದಲ್ಲಿ ನಿಂತು ಅತಿಥಿಗೆ ಆ ಮಾತು ನಿಮ್ಮ ಬಾಯಲ್ಲಿ ಬರುತ್ತದಾ ಅಂತ ನೋಡಿ. ಬರದಿದ್ದರೆ ಬಿಡಿ. ಆಗಮಿಸಿದೆನು ಅಂತ ಅತ್ತೆ ಈ ಜನ್ಮದಲ್ಲಿ ಹೇಳುವುದಿಲ್ಲ.

ಮನೆಯವರು

ಮನೆಯವರಿಗೆ ನಿಮ್ಮ ದನಿ ಗೊತ್ತು. ಆದರೆ ಮರ್ಯಾದೆಯ ಪ್ರಶ್ನೆ ನಡುವೆ ಬರುತ್ತದೆ. ಬೆಂಗಳೂರಿನಲ್ಲಿರುವ ಅತ್ತೆಯ ಅಣ್ಣನ ಮಗ ಫೋನ್ ಮಾಡಿ, "ಅತ್ತೆ, ಜಿಗಣೆ ಇದೆ ಅಂತ ಬರೆದರೆ ಯಾರು ಬರ್ತಾರೆ? ಕರೆಂಟ್ ವಿಷಯನೂ ತೆಗೀರಿ. ಕ್ಯಾಂಪ್‌ಫೈರ್, ಟ್ರೆಕ್ಕಿಂಗ್ ಅಂತ ಹಾಕಿ" ಅಂದ.

ಇದು ದನಿಯ ಪ್ರಶ್ನೆಗಿಂತ ಏನು ಹೇಳಬೇಕು ಅನ್ನುವ ಪ್ರಶ್ನೆ. ಎರಡನ್ನೂ ಕಲಸಬೇಡಿ. ಅವನ ಮಾತಿನಲ್ಲಿ ಒಂದು ಪಾಲು ಸರಿ ಇತ್ತು. ಬರೀ "ಜಿಗಣೆ ಇದೆ" ಅಂದರೆ ವರ್ಷಪೂರ್ತಿ ಇದೆ ಅಂತ ಆಗುತ್ತದೆ. ಮಳೆಗಾಲದ ಕಾಟ ಅದು, ಬೇಸಿಗೆಯಲ್ಲಿ ತೋಟದಲ್ಲಿ ನಡೆಯುವವರಿಗೆ ಅದರ ಚಿಂತೆ ಇಲ್ಲ. ಹಾಗಾಗಿ ಅದನ್ನು ತೆಗೆಯಲಿಲ್ಲ, ಮಳೆಯ ಸಾಲಿಗೆ ಸೇರಿಸಿದೆವು. ಕ್ಯಾಂಪ್‌ಫೈರ್ ಸೇರಿಸಲಿಲ್ಲ. ಮಾವ ಒಂಬತ್ತಕ್ಕೆ ಮಲಗುವ ಮನುಷ್ಯ.

ಮನೆಯವರಿಂದ ತಪ್ಪದೆ ಪಡೆಯಬೇಕಾದದ್ದು ಎರಡು. ಒಂದು, ವರ್ಷ, ದೂರ, ಹೆಸರು ಇವೆಲ್ಲ ಸರಿಯಾ ಅನ್ನುವುದು. ಎರಡು, ಒಪ್ಪಿಗೆ. ಪರಿಚಯದಲ್ಲಿ ಬೇರೆಯವರ ಬಗ್ಗೆ ಒಂದು ಸಾಲಿದ್ದರೂ ಅವರಿಗೆ ಓದಿ ಹೇಳಬೇಕು. ಮಾವ ಕೇಳಿಸಿಕೊಂಡು, "ನಾನೇನು ಅಷ್ಟು ಮಾತಾಡ್ತೇನಾ?" ಅಂತ ಕೇಳಿದರು. ಆಮೇಲೆ ಇರಲಿ ಅಂದರು.

ಬಂದು ಹೋದ ಅತಿಥಿ

ನಾಲ್ವರಲ್ಲಿ ಒಬ್ಬರನ್ನು ಮಾತ್ರ ಆರಿಸಿ ಅಂದರೆ ನಾನು ಆರಿಸುವುದು ಇವರನ್ನು. ಅತಿಥಿಯೇ ಆಗಬೇಕೆಂದಿಲ್ಲ. ಯಾರು ಓದಲಿ ಅಂತ ಬರೆಯುತ್ತಿದ್ದೀರೋ ಆ ಪೈಕಿ ಒಬ್ಬರು ಸಾಕು. ಕಾಫಿ ಪುಡಿಯ ಪ್ಯಾಕೆಟ್ಟಿಗೆ ಪರಿಚಯ ಬರೆಯುವವರಿಗೆ ಪುಡಿ ಕೊಳ್ಳುವವರು, ಭಾಷಣಕ್ಕೆ ಹೋಗುವವರಿಗೆ ಆ ಸಭೆಯ ಸಂಚಾಲಕರು.

ಇವರು ವಾಕ್ಯ ತಿದ್ದುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಹಿಂದೆ ಬಂದಿದ್ದ ಹುಬ್ಬಳ್ಳಿಯ ಒಬ್ಬರಿಗೆ ಕರಡನ್ನು ವಾಟ್ಸಾಪಿನಲ್ಲಿ ಕಳಿಸಿದೆವು. ಚೆನ್ನಾಗಿದೆಯಾ ಅಂತ ಕೇಳಲಿಲ್ಲ. ಹಾಗೆ ಕೇಳಿದರೆ ಯಾರಾದರೂ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. "ಇದನ್ನು ಓದಿ ನಿಮಗೆ ಏನು ಗೊತ್ತಾಗಲಿಲ್ಲ ಅಂತ ಮಾತ್ರ ಹೇಳಿ" ಅಂತ ಕೇಳಿದೆವು. ಅವರ ಉತ್ತರ ಇಷ್ಟೇ:

"ಆಂಟಿ, ಮಳೆಗಾಲ ಬಿಟ್ಟು ಅಂದ್ರೆ ಮಳೆಗಾಲದಾಗ ಬರಬಾರದೇನು? ಬಂದ್ರೆ ಕಾರು ಎಲ್ಲಿ ಬಿಡೂದು? ಮತ್ತ, ಮೆನು ಇಲ್ಲ ಅಂದ್ರ ನಮ್ಮಂಥ ಮಾಂಸ ತಿನ್ನದವರು ಏನ್ ಮಾಡಬೇಕು?"

ಅತ್ತೆಗೆ ನಗು ಬಂತು. ಮೂವತ್ತು ವರ್ಷ ಅಲ್ಲೇ ಇರುವವರಿಗೆ ಇದು ಪ್ರಶ್ನೆ ಅಂತಲೇ ಹೊಳೆದಿರಲಿಲ್ಲ. ಉತ್ತರವನ್ನು ವಾಟ್ಸಾಪಿನಲ್ಲಿ ಧ್ವನಿ ಸಂದೇಶವಾಗಿ ಕಳಿಸಿದರು. ಆ ಸಂದೇಶವನ್ನೇ ಕೇಳಿ ಹಾಗೇ ಬರೆದುಕೊಂಡೆವು. ಇದೇ ನನಗೆ ಗೊತ್ತಿರುವ ಒಳ್ಳೆಯ ದಾರಿ. ಪ್ರಶ್ನೆ ಹೊರಗಿನವರಿಂದ ಬರಲಿ, ಉತ್ತರವನ್ನು ಬಾಯಲ್ಲಿ ಹೇಳಿ, ಹೇಳಿದ್ದನ್ನು ಬರೆಯಿರಿ. ಹೊಸ ಸಾಲು ಸೇರಿದರೂ ಅದು ನಿಮ್ಮದೇ ದನಿಯಲ್ಲಿ ಇರುತ್ತದೆ. ಬರೆಯಲು ಕೂತರೆ ಕೈ ಬಿಗಿಯಾಗುವವರಿಗೆ ಇದು ಇನ್ನೂ ಸುಲಭ. ಫೋನಿನ ಕೀಬೋರ್ಡಿನಲ್ಲಿ ಕನ್ನಡ ಧ್ವನಿ ಟೈಪಿಂಗ್ ಇದ್ದರೆ ನೇರವಾಗಿ ಅಲ್ಲೇ ಹೇಳಬಹುದು. ಊರಿನ ಪದಗಳನ್ನು ಅದು ತಪ್ಪಾಗಿ ಕೇಳಿಸಿಕೊಳ್ಳುತ್ತದೆ, ಆಮೇಲೆ ಸರಿ ಮಾಡಿ.

ಅತಿಥಿಯ ಮಿತಿಯೂ ಇದೆ. ಎಲ್ಲಾ ಪ್ರಶ್ನೆಗೂ ಉತ್ತರ ಸೇರಿಸುತ್ತಾ ಹೋದರೆ ಪರಿಚಯ ಹೋಗಿ ನಿಯಮಾವಳಿ ಆಗುತ್ತದೆ. ಬಿಸಿನೀರು ಎಷ್ಟು ಗಂಟೆಗೆ ಅನ್ನುವುದು ಬೇರೆ ಕಡೆ ಇರಲಿ.

ಯಾರನ್ನು ಯಾವಾಗ

ಎಲ್ಲರಿಗೂ ಒಟ್ಟಿಗೆ ಕಳಿಸಬೇಡಿ. ಮೇಷ್ಟ್ರು ಒಂದು ಹೇಳುತ್ತಾರೆ, ಅಣ್ಣನ ಮಗ ಇನ್ನೊಂದು, ನಡುವೆ ನೀವು ಇಬ್ಬರನ್ನೂ ಸಮಾಧಾನ ಮಾಡುವ ಸಾಲು ಬರೆಯುತ್ತೀರಿ. ಆ ಸಾಲು ಯಾರದ್ದೂ ಆಗಿರುವುದಿಲ್ಲ. ಮೊದಲು ಓದುಗರ ಪ್ರಶ್ನೆ, ಆಮೇಲೆ ನೀವೇ ತಿದ್ದುವುದು, ಆಮೇಲೆ ಮನೆಯವರು, ಆಮೇಲೆ ಮೇಷ್ಟ್ರು. ಕಾಗುಣಿತದ ಸಾಫ್ಟ್‌ವೇರ್ ಕೊನೆಗೆ. ಸಮಯವೇ ಇಲ್ಲ ಅಂದರೆ ಓದುಗರು ಮತ್ತು ಕಾಗುಣಿತ, ಇವೆರಡು ಸಾಕು. ಕೇಳಲು ಯಾರೂ ಇಲ್ಲದಿದ್ದರೆ ಪ್ರಶ್ನೆಯ ಪಟ್ಟಿಗೆ ಎಐ ಸಾಫ್ಟ್‌ವೇರ್ ನಡೆಯುತ್ತದೆ.

ತಿದ್ದಿದ್ದು ಕಣ್ಣಿಗೆ ಕಾಣುವ ಹಾಗಿರಬೇಕು. ವಾಟ್ಸಾಪಿನಲ್ಲಿ ಪೂರ್ತಿ ತಿದ್ದಿದ ಪ್ಯಾರಾ ವಾಪಸ್ ಬಂದರೆ ಏನು ಬದಲಾಯಿತು ಅಂತ ಗೊತ್ತಾಗುವುದಿಲ್ಲ. ಗೂಗಲ್ ಡಾಕ್ಸಿನಲ್ಲಿ Suggesting ಆರಿಸಿ ತಿದ್ದಲು ಹೇಳಿದರೆ ಪ್ರತಿ ಬದಲಾವಣೆ ಬೇರೆ ಬಣ್ಣದಲ್ಲಿ ಬರುತ್ತದೆ, ಒಂದೊಂದನ್ನೇ ಒಪ್ಪಬಹುದು, ಬಿಡಬಹುದು. ವರ್ಡಿನಲ್ಲಿ Review ಒಳಗೆ Compare ಇದೆ, ಹಳೆಯದು ಹೊಸದು ಎರಡನ್ನೂ ಕೊಟ್ಟರೆ ವ್ಯತ್ಯಾಸ ತೋರಿಸುತ್ತದೆ. ಮೇಷ್ಟ್ರ ಕೆಂಪು ಪೆನ್ನೂ ಇದೇ ಕೆಲಸ ಮಾಡುತ್ತದೆ. ಮೊದಲ ಕರಡನ್ನು ಮಾತ್ರ ಮುಟ್ಟದೆ ಬೇರೆ ಇಟ್ಟುಕೊಳ್ಳಿ.

ಅತ್ತೆಯ ಪರಿಚಯ ಕೊನೆಗೆ ಹೀಗಾಯಿತು:

"ಮದುವೆಯಾಗಿ ಈ ಮನೆಗೆ ಬಂದು ಮೂವತ್ತು ವರ್ಷ ಆಯಿತು. ಆಗ ಸರಿಯಾದ ರಸ್ತೆ ಇರಲಿಲ್ಲ, ಜೀಪಿನಲ್ಲಿ ಬಂದದ್ದು. ಈಗ ಕಾರು ಅಂಗಳದವರೆಗೆ ಬರುತ್ತದೆ. ಮಳೆಗಾಲದಲ್ಲಿ ಮಾತ್ರ ಕಾರನ್ನು ಮೇಲೆ ಟಾರ್ ರಸ್ತೆಯಲ್ಲೇ ನಿಲ್ಲಿಸಿ ಫೋನ್ ಮಾಡಿ, ಜೀಪ್ ಕಳಿಸುತ್ತೇವೆ. ಆ ಸಮಯದಲ್ಲಿ ಕರೆಂಟ್ ನಂಬುವ ಹಾಗಿಲ್ಲ, ತೋಟದಲ್ಲಿ ಜಿಗಣೆಯೂ ಇರುತ್ತದೆ. ಎರಡು ಕೋಣೆ ಇದೆ. ಅಡುಗೆ ನಾನೇ ಮಾಡುವುದು. ಮೆನು ಇಲ್ಲ, ಆವತ್ತು ಮನೆಗೆ ಏನು ಮಾಡಿದ್ದೇವೋ ಅದೇ. ಮಾಂಸ ತಿನ್ನದವರು ಹಿಂದಿನ ದಿನ ಹೇಳಿದರೆ ಬೇರೆ ಪಾತ್ರೆಯಲ್ಲಿ ಮಾಡುತ್ತೇನೆ. ಯಜಮಾನರಿಗೆ ಮಾತು ಕಮ್ಮಿ, ತೋಟ ತೋರಿಸಿ ಅಂತ ಹೇಳಿದರೆ ಮಾತ್ರ ನಿಲ್ಲಿಸುವುದಿಲ್ಲ. ಮನೆಯಲ್ಲಿ ಅರೆಭಾಷೆ ಮಾತಾಡುತ್ತೇವೆ, ನಿಮ್ಮ ಜೊತೆ ಕನ್ನಡ."

ಇನ್ನೊಂದು ಹೋಂಸ್ಟೇಯವರು ಇದನ್ನು ಕದ್ದು ತಮ್ಮದಕ್ಕೆ ಹಾಕಿಕೊಳ್ಳಲು ನೋಡಿದರೆ ಎಷ್ಟು ಸಾಲು ಹೊಂದುತ್ತದೆ? ಸಾಫ್ಟ್‌ವೇರಿನ ಮೂರು ಸಾಲಾದರೆ ಯಾರ ಮನೆಗೂ ಹೊಂದುತ್ತದೆ. ನಿಮ್ಮ ಪರಿಚಯಕ್ಕೂ ಈ ಪರೀಕ್ಷೆ ಮಾಡಿ ನೋಡಬಹುದು.

ಚಿಕ್ಕದು ಬೇಕಾದಾಗ, ಇಂಗ್ಲಿಷಿನಲ್ಲಿ ಬೇಕಾದಾಗ

ಇನ್‌ಸ್ಟಾಗ್ರಾಮಿನ ಪರಿಚಯಕ್ಕೆ 150 ಅಕ್ಷರದ ಮಿತಿ ಇದೆ. ಕಂಪ್ಯೂಟರಿನ ಲೆಕ್ಕದಲ್ಲಿ ಕನ್ನಡದ ಕೊಂಬು, ಇಳಿ, ಒತ್ತು ಎಲ್ಲವೂ ಬೇರೆ ಬೇರೆ. "ತೋಟ"ಕ್ಕೆ 3 ಸಾಕು, "ಹೃತ್ಪೂರ್ವಕ"ಕ್ಕೆ 10 ಬೇಕು. ಅಲ್ಲಿ ಆಡುಮಾತು ಜಾಗವನ್ನೂ ಉಳಿಸುತ್ತದೆ. ಚಿಕ್ಕದು ಮಾಡುವಾಗ ಎಲ್ಲವನ್ನೂ ಹಿಂಡಬೇಡಿ, ಎರಡು ಪೂರ್ತಿ ಸಾಲು ಆರಿಸಿ ಉಳಿದದ್ದನ್ನು ಬಿಡಿ. ಅತ್ತೆ ಆರಿಸಿದ್ದು ಅಡುಗೆಯ ಸಾಲು ಮತ್ತು ಮೆನುವಿನ ಸಾಲು.

ಇಂಗ್ಲಿಷ್ ಬೇಕಾದರೆ ಅನುವಾದದ ಸಾಫ್ಟ್‌ವೇರ್ ಬಳಸದೆ ಬಹಳ ಜನರಿಗೆ ಬೇರೆ ದಾರಿ ಇಲ್ಲ. ಹಾಗಿದ್ದರೆ ಕನ್ನಡದ್ದು ಪೂರ್ತಿ ಮುಗಿದ ಮೇಲೆ, ಒಂದೊಂದೇ ವಾಕ್ಯ ಹಾಕಿ. ಇಡೀ ಪ್ಯಾರಾ ಹಾಕಿದರೆ ಎರಡು ವಾಕ್ಯ ಸೇರಿಸಿ ಒಂದು ಮಾಡಿ, ಸಣ್ಣ ಸುದ್ದಿಯನ್ನು ನುಂಗುವುದುಂಟು. ಬಂದದ್ದನ್ನು ತಿರುಗಿ ಕನ್ನಡಕ್ಕೆ ಮಾಡಿಸಿ ಓದಿ. ಜೀಪು, ಜಿಗಣೆ, ಅರೆಭಾಷೆ ಮೂರೂ ವಾಪಸ್ ಬಂದಿವೆಯಾ ನೋಡಿ. "ಯಜಮಾನರು" ಅನ್ನುವ ಕಡೆ ಜಾಸ್ತಿ ಗಮನ ಇರಲಿ. ಗಂಡ ಅಂತ ಆಗುವ ಬದಲು ಮಾಲೀಕ ಅಂತ ಆಗಿಬಿಟ್ಟರೆ, ಅತ್ತೆ ಯಾರದ್ದೋ ಮನೆಯಲ್ಲಿ ಅಡುಗೆ ಕೆಲಸಕ್ಕೆ ಇರುವ ಹಾಗೆ ಓದಿಸುತ್ತದೆ. ಆ ಒಂದು ವಾಕ್ಯವನ್ನು ಕೊಡುವಾಗ ಕನ್ನಡದಲ್ಲೇ "ನನ್ನ ಗಂಡ" ಅಂತ ಮಾಡಿ ಕೊಡಿ.